ಸ್ಪಾಟ್ ಖರೀದಿಯೋ, ಪರ್ಪೆಚುಯಲ್ ಫ್ಯೂಚರ್ಸೋ: ಕೈಗುಳಿಯುವ ಲಾಭದ ಲೆಕ್ಕ

10,000 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಏರಿಕೆಯ ಮೇಲೆ ಹಣ ಹೂಡುವವರು ಮೊದಲು ನೋಡುವುದು ವಿನಿಮಯ ಕೇಂದ್ರದ ಶುಲ್ಕವನ್ನು. ಅಲ್ಲಿ ಮುಕ್ತಾಯದ ದಿನಾಂಕವಿಲ್ಲದ ಫ್ಯೂಚರ್ಸ್ ಒಪ್ಪಂದವಾದ ಪರ್ಪೆಚುಯಲ್ ಅಗ್ಗವಾಗಿಯೇ ಕಾಣುತ್ತದೆ. ನಾಣ್ಯವನ್ನೇ ನೇರವಾಗಿ ಕೊಳ್ಳುವ ಸ್ಪಾಟ್‌ನಲ್ಲಿ ಪ್ರತಿ ಬದಿಗೆ ಶೇ 0.1, ಪರ್ಪೆಚುಯಲ್‌ನಲ್ಲಿ ಶೇ 0.05 ಎಂದಿಟ್ಟುಕೊಂಡರೆ, ಕೊಂಡು ಮಾರುವಷ್ಟರಲ್ಲಿ ಕ್ರಮವಾಗಿ 20 ಮತ್ತು 10 ಡಾಲರ್ ಹೋಗುತ್ತದೆ.

ಸ್ಲಿಪೇಜ್ ಮಾತ್ರ ಸ್ಟೇಟ್‌ಮೆಂಟಿನಲ್ಲಿ ಪ್ರತ್ಯೇಕ ಸಾಲಾಗಿ ಬರುವುದಿಲ್ಲ. ಆರ್ಡರ್ ಹಾಕಿದ ಕ್ಷಣದಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಮಧ್ಯಬೆಲೆಯನ್ನು ಬರೆದಿಟ್ಟುಕೊಂಡು, ವಾಸ್ತವವಾಗಿ ಸಿಕ್ಕ ಸರಾಸರಿ ಬೆಲೆಯೊಡನೆ ಹೋಲಿಸಿದರೆ ಮಾತ್ರ ಅದು ಕಾಣುತ್ತದೆ. ಎರಡರಲ್ಲೂ ಬದಿಗೆ ಶೇ 0.03ರಂತೆ 6 ಡಾಲರ್ ಸೇರಿಸಿದರೆ, ಮೊತ್ತ 26 ಮತ್ತು 16 ಆಗುತ್ತದೆ.

ಇಲ್ಲಿಂದ ಮುಂದೆ ದಿನಗಳು ತೂಗುತ್ತವೆ. ಪರ್ಪೆಚುಯಲ್‌ನಲ್ಲಿ ಏರಿಕೆಯ ಮೇಲೆ ಹೂಡಿದವರು ಮತ್ತು ಇಳಿಕೆಯ ಮೇಲೆ ಹೂಡಿದವರ ನಡುವೆ ನಿಯತವಾಗಿ ಕೈಬದಲಾಗುವ ಹಣವೇ ಫಂಡಿಂಗ್. ಎಂಟು ಗಂಟೆಗೊಮ್ಮೆ ನೀವು ಕೊಡಬೇಕಾದ ಫಂಡಿಂಗ್ ಶೇ 0.01 ಎಂದರೆ ದಿನಕ್ಕೆ 3 ಡಾಲರ್, ಮತ್ತು ಈ ಲೆಕ್ಕ ನೀವಿಟ್ಟ ಮಾರ್ಜಿನ್ ಮೇಲಲ್ಲ, ಪೊಸಿಷನ್ನಿನ ಪೂರ್ಣ ಮೌಲ್ಯದ ಮೇಲೆ; ಹತ್ತು ಪಟ್ಟು ಲಿವರೇಜ್‌ನಲ್ಲಿ 1,000 ಡಾಲರ್ ಇಟ್ಟವರಿಗೆ ಅದು ದಿನಕ್ಕೆ ಶೇ 0.3 ಆಗಿ ತಟ್ಟುತ್ತದೆ. ನಾಲ್ಕನೆಯ ದಿನಕ್ಕೆ ಪರ್ಪೆಚುಯಲ್ ವೆಚ್ಚ 28ಕ್ಕೇರಿ ಸ್ಪಾಟ್ ಅನ್ನು ಮೀರುತ್ತದೆ, ಹತ್ತನೆಯ ದಿನಕ್ಕೆ 46 ಆಗುತ್ತದೆ.

ಆದ್ದರಿಂದ ಮೂರು ದಿನದೊಳಗಿನ ವಹಿವಾಟಿಗೆ ಪರ್ಪೆಚುಯಲ್, ಅದಕ್ಕೂ ದೀರ್ಘಕ್ಕೆ ಸ್ಪಾಟ್ ಎಂಬುದು ನನ್ನ ಆಯ್ಕೆ. ಫಂಡಿಂಗ್ ದರ ಋಣಾತ್ಮಕವಾದಾಗ ಇಳಿಕೆಯ ಮೇಲೆ ಹೂಡಿ ಶಾರ್ಟ್ ಮಾಡಿದವರೇ ನಿಮಗೆ ಹಣ ಕೊಡುತ್ತಾರೆ, ನಿಜ. ಆದರೆ ಅದನ್ನು ಮುಂಗಡವಾಗಿ ಲಾಭಕ್ಕೆ ಸೇರಿಸಿಕೊಳ್ಳುವಂತಿಲ್ಲ.