ಒಂದೇ ವಿಳಾಸ, ಮೂರು ಕರಡು: ಡೆಲಿವರಿ ಕಥೆಯನ್ನು ಯಾರ ಬಾಯಲ್ಲಿ ಹೇಳಿಸಿದರೆ ನಿಂತಿತು?

ಕಥೆ ಸಣ್ಣದು. ಸಂಜೆ ಆರೂ ಮುಕ್ಕಾಲು. ಡೆಲಿವರಿ ಹುಡುಗನ ಚೀಲದಲ್ಲಿ ಉಳಿದಿರುವುದು ಒಂದೇ ಪೊಟ್ಟಣ. ಅದರ ಮೇಲಿನ ವಿಳಾಸ: ‘ನೀರಿನ ಟ್ಯಾಂಕ್ ಹಿಂದಿನ ರಸ್ತೆ, ಹಸಿರು ಗೇಟಿನ ಮನೆ’. ಮನೆ ನಂಬರ್ ಇಲ್ಲ. ಫೋನ್ ಮಾಡಿದರೆ ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಆ ರಸ್ತೆಯಲ್ಲಿ ಹಸಿರು ಗೇಟೇ ಇಲ್ಲ.

ಒಳಗಿನ ಸಂಗತಿ ಹೀಗಿದೆ. ಆರ್ಡರ್ ಮಾಡಿದ್ದು ದೂರದಲ್ಲಿರುವ ಮಗಳು. ಅವಳ ನೆನಪಿನಲ್ಲಿ ಗೇಟ್ ಇನ್ನೂ ಹಸಿರು. ಅದಕ್ಕೆ ಕಂದು ಬಣ್ಣ ಬಳಿದು ವರ್ಷಗಳೇ ಆಗಿವೆ. ಪೊಟ್ಟಣದಲ್ಲಿರುವುದು ಅಮ್ಮನ ಕಿವಿಯ ಮಿಷನ್ನಿಗೆ ಬೇಕಾದ ಗುಂಡಿ ಬ್ಯಾಟರಿ. ಹಳೆಯದು ಮುಗಿದಿದೆ. ಅದಕ್ಕೇ ಫೋನ್ ಕೇಳಿಸುತ್ತಿಲ್ಲ.

ಇಷ್ಟು ಗೊತ್ತಾದ ಮೇಲೆ ಬರೆಯುವುದು ಸುಲಭ ಅಂದುಕೊಂಡೆ. ಮೂರು ಸಲ ಬರೆಯಬೇಕಾಯಿತು. ಘಟನೆ ಅದೇ, ಹೇಳುವವರು ಬೇರೆ. ಮೊದಲು ಹುಡುಗನೇ ‘ನಾನು’ ಎಂದು ಹೇಳಿದ. ಆಮೇಲೆ ಮನೆಯೊಳಗಿನ ಅಮ್ಮ ಹೇಳಿದರು. ಕೊನೆಗೆ ಹೊರಗಿನಿಂದ, ಹುಡುಗನ ಹೆಗಲ ಮೇಲೆ ಕುಳಿತ ಹಾಗೆ ನಾನೇ ಹೇಳಿದೆ.

ಹುಡುಗನೇ ಹೇಳಿದಾಗ

> ಮ್ಯಾಪ್ ‘ಇಲ್ಲೇ’ ಅಂದಿತು. ಇಲ್ಲಿ ಅಂದರೆ ಟ್ಯಾಂಕಿನ ಬುಡ. ಟ್ಯಾಂಕಿಗೆ ಯಾರು ಪಾರ್ಸೆಲ್ ತರಿಸುತ್ತಾರೆ? ಗಾಡಿ ಸ್ಟ್ಯಾಂಡ್ ಹಾಕಿದೆ. ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ.

ಮೂರರಲ್ಲಿ ಬೇಗ ಬರೆದು ಮುಗಿದದ್ದು ಇದೇ. ಕನ್ನಡದಲ್ಲಿ ‘ಹಾಕಿದೆ, ಮಾಡಿದೆ’ ಅಂದರೆ ಸಾಕು, ‘ನಾನು’ ಅಂತ ಪದೇಪದೇ ಹೇಳಬೇಕಾಗಿಲ್ಲ. ವಾಕ್ಯ ಓಡುತ್ತದೆ. ಅವನ ಕಸುಬಿನ ತಿಳಿವಳಿಕೆಯೂ ತಾನಾಗಿ ಒಳಗೆ ಬರುತ್ತದೆ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಸರಿಯಾಗಿಯೇ ತೋರಿಸುತ್ತದೆ. ತಪ್ಪು ಅದರದ್ದಲ್ಲ. ಆರ್ಡರ್ ಮಾಡಿದವರು ಮನೆಯ ಬದಲು ಟ್ಯಾಂಕನ್ನು ಗುರುತು ಮಾಡಿದರೆ, ಅದು ಅವನನ್ನು ಟ್ಯಾಂಕಿಗೇ ಕರೆದುಕೊಂಡು ಹೋಗುತ್ತದೆ. ಇದನ್ನೆಲ್ಲ ಲೇಖಕ ವಿವರಿಸಿದರೆ ಪಾಠ ಆಗುತ್ತಿತ್ತು. ಅವನು ಗೊಣಗಿದರೆ ಒಂದು ಸಾಲಿನಲ್ಲಿ ಮುಗಿಯಿತು.

ಆದರೆ ಒಂದು ಕಡೆ ಸಿಕ್ಕಿಬಿದ್ದೆ. ‘ಹುಡುಕಿದೆ’ ಎಂದು ಹೇಳುವವನಿಗೆ ಕೊನೆ ಏನಾಯಿತು ಅಂತ ಈಗಾಗಲೇ ಗೊತ್ತಿದೆ, ಅಲ್ವಾ? ಗೇಟ್ ಕಂದು ಅಂತಲೂ ಗೊತ್ತು, ಅಮ್ಮನಿಗೆ ಕಿವಿ ಕೇಳಿಸದು ಅಂತಲೂ ಗೊತ್ತು. ಗೊತ್ತಿದ್ದೂ ಎರಡು ಪುಟ ಬಾಯಿ ಬಿಡುವುದಿಲ್ಲ. ಓದಿದ ಗೆಳೆಯ, ‘ಇವನು ನನ್ನನ್ನು ಸುಮ್ನೆ ಸುತ್ತಾಡಿಸಿದ’ ಅಂದ. ಅದು ನಿಜ.

ಅದಕ್ಕೆ ಈಗ ನಡೆಯುತ್ತಿರುವ ಹಾಗೆ ಬದಲಿಸಿ ನೋಡಿದೆ: ‘ಗಾಡಿ ನಿಲ್ಲಿಸುತ್ತೇನೆ. ಬಾಗಿಲು ತಟ್ಟುತ್ತೇನೆ.’ ಇದು ಇನ್ನೂ ಕೆಟ್ಟಿತು. ‘ತಟ್ಟುತ್ತೇನೆ’ ಅಂದರೆ ಈಗ ತಟ್ಟುತ್ತಿರುವುದೋ, ದಿನಾ ತಟ್ಟುವುದೋ, ಇನ್ನು ಮುಂದೆ ತಟ್ಟುವುದೋ? ಮೂರಕ್ಕೂ ಅದೇ ರೂಪ. ಒಂದು ಪ್ಯಾರಾ ಚೆನ್ನಾಗಿತ್ತು. ಆಮೇಲೆ ನಾಟಕದ ಸೂಚನೆ ಓದಿದ ಹಾಗಾಯಿತು. ಎಲ್ಲ ಕಡೆ ‘ತಟ್ಟುತ್ತಿದ್ದೇನೆ’ ಅಂತ ಮಾಡಿದರೆ ಸಾಲುಗಳು ಉದ್ದವಾಗಿ ಅವನ ಅವಸರವೇ ಹೋಯಿತು.

ಅಮ್ಮ ಹೇಳಿದಾಗ

> ಯಾರದೋ ಗಾಡಿಯ ದೀಪ ಕಿಟಕಿಯ ಮೇಲೆ ಮೂರನೇ ಸಲ ಹಾದು ಹೋಯಿತು. ಪಾಪ, ಯಾರ ಮನೆ ಹುಡುಕುತ್ತಿದ್ದಾನೋ.

ಈ ಎರಡು ಸಾಲು ಬರೆದ ದಿನ ಖುಷಿಯಾಗಿದ್ದೆ. ಹುಡುಗ ಹುಡುಕುತ್ತಿರುವುದು ತನ್ನನ್ನೇ ಅಂತ ಅವರಿಗೆ ಗೊತ್ತಿಲ್ಲ, ಓದುಗರಿಗೆ ಗೊತ್ತು. ಹಾಸಿಗೆಯ ಮೇಲೆ ಮೊಬೈಲ್ ಹೊಳೆದು ಆರುತ್ತಿರುತ್ತದೆ. ಅವರು ಕಿಟಕಿಗೆ ಮುಖ ಮಾಡಿ ಕುಳಿತಿದ್ದಾರೆ.

ಇಲ್ಲಿ ನನ್ನ ದೊಡ್ಡ ತಪ್ಪು ಸದ್ದಿನದು. ಮೊದಲ ಬರವಣಿಗೆಯಲ್ಲಿ ಮರೆತು ‘ಗೇಟ್ ಕಿರ್ ಅಂದಿತು’ ಅಂತ ಬರೆದಿದ್ದೆ. ತಿದ್ದುವಾಗ ಹೆದರಿ ಎಲ್ಲ ಸದ್ದನ್ನೂ ಕಿತ್ತು ಹಾಕಿದೆ. ಅದೂ ತಪ್ಪೇ. ವಯಸ್ಸಾದಾಗ ಕಿವಿ ಒಂದೇ ಸಲಕ್ಕೆ ಮುಚ್ಚಿಹೋಗುವುದಿಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದು ಚೂಪಾದ, ಸಣ್ಣ ಸದ್ದುಗಳು. ಮಾತಿನಲ್ಲಿ ಸ, ಶ, ತ ಅಂಥವು ಮಸುಕಾಗುತ್ತವೆ. ದಪ್ಪ ಸದ್ದು ಸ್ವಲ್ಪ ಉಳಿಯುತ್ತದೆ. ಅಂದರೆ ಗಾಡಿಯ ಗುಡುಗುಡು ಎಲ್ಲೋ ತಿಳಿಯಬಹುದು, ಫೋನಿನ ಕಿಣಿಕಿಣಿ ತಿಳಿಯುವುದಿಲ್ಲ. ಹೀಗೆ ತಿದ್ದಿದ ಮೇಲೆ ಅಮ್ಮ ನಿಜವಾದ ಮನುಷ್ಯರಾದರು.

ಆದರೂ ಈ ಕರಡನ್ನು ಬಿಟ್ಟೆ. ಪೊಟ್ಟಣದಲ್ಲಿ ಏನಿದೆ, ಫೋನ್ ಯಾಕೆ ಎತ್ತುತ್ತಿಲ್ಲ ಅನ್ನುವುದು ಮೊದಲ ಪುಟದಲ್ಲೇ ಬಯಲಾಗುತ್ತದೆ. ಉಳಿಯುವುದು ಕಾಯುವುದೊಂದೇ. ಹುಡುಕಾಟವೇ ಕಥೆ ಅಂತ ಹೊರಟವನಿಗೆ ಹುಡುಕಾಟ ಕಿಟಕಿಯ ಆಚೆ ಒಂದು ದೀಪವಾಗಿ ಉಳಿಯಿತು. ಅಮ್ಮನ ಒಂಟಿತನದ ಕಥೆ ಬೇಕಾದವರಿಗೆ ಇದೇ ಒಳ್ಳೆಯದು. ನನಗೆ ಬೇಕಾದದ್ದು ರಸ್ತೆ.

ಹೊರಗಿನಿಂದ ಹೇಳಿದಾಗ

ಮೊದಲ ಪದದಲ್ಲೇ ತಡವರಿಸಿದೆ. ಅವನನ್ನು ಏನೆಂದು ಕರೆಯುವುದು? ‘ಅವನು’ ಅಂದರೆ ಬಾಗಿಲಲ್ಲಿ ನಿಂತವನನ್ನು ನಾನೇ ಕೀಳಾಗಿ ಕಂಡ ಹಾಗೆ. ‘ಅವರು’ ಅಂದರೆ ಹತ್ತಿರ ಹೋಗಲು ಆಗುವುದಿಲ್ಲ. ಕ್ರಿಯಾಪದವೂ ‘ಇಳಿದರು’ ಆಗುತ್ತದೆ, ಗಾಡಿಯಿಂದ ಯಾರೋ ಅತಿಥಿ ಇಳಿದ ಹಾಗೆ. ‘ಆತ’ ಅಂತ ಬರೆದು ನೋಡಿದೆ. ಪೇಪರಿನಲ್ಲಿ ಬರುವ ಕಳ್ಳತನದ ಸುದ್ದಿಯಂತಾಯಿತು. ‘ನಾನು’ ಕರಡಿನಲ್ಲಿ ಈ ತಲೆನೋವೇ ಇರಲಿಲ್ಲ, ಅದರ ಹೆಚ್ಚುಗಾರಿಕೆ ಒಪ್ಪಲೇಬೇಕು.

ಕೊನೆಗೆ ಆ ಪದವನ್ನೇ ಆದಷ್ಟು ಬಿಟ್ಟೆ:

> ಗಾಡಿ ನಿಲ್ಲಿಸಿದ. ಇಳಿದ. ಗೇಟ್‌ಗಳನ್ನು ನೋಡುತ್ತಾ ಬಂದ. ಬಿಳಿ, ಕಪ್ಪು, ಚಿಲಕದ ಹತ್ತಿರ ಸವೆದ ಕಂದು, ಬರೀ ತುಕ್ಕು, ಮತ್ತೆ ಕಪ್ಪು. ಈ ರಸ್ತೆಯಲ್ಲಿ ಹಸಿರು ಎಲ್ಲಿದೆ? ಟ್ಯಾಂಕಿಗೆ ಇನ್ನೊಂದು ಹಿಂಭಾಗ ಇದೆಯಾ?

‘ನಿಲ್ಲಿಸಿದ, ಇಳಿದ’ ಅನ್ನುವುದರಲ್ಲೇ ‘ಅವನು’ ಇದ್ದಾನೆ. ಕೊನೆಯ ಎರಡು ಪ್ರಶ್ನೆ ನೋಡಿ. ಮೊದಲು ಅವುಗಳ ಮುಂದೆ ‘ಎಂದುಕೊಂಡ’ ಅಂತ ಇತ್ತು. ತೆಗೆದೆ. ‘ಆ ರಸ್ತೆಯಲ್ಲಿ’ ಅಂತ ಇದ್ದದ್ದನ್ನು ‘ಈ ರಸ್ತೆಯಲ್ಲಿ’ ಮಾಡಿದೆ. ಅಷ್ಟಕ್ಕೇ ಯೋಚನೆ ನನ್ನದಲ್ಲ, ಅವನದಾಯಿತು. ಈ ಕರಡಿನಲ್ಲಿ ನಾನು ಜಾಸ್ತಿ ತಿದ್ದಿದ್ದು ಇದನ್ನೇ: ಆ, ಅಲ್ಲಿ, ಆಗ ಅಂತ ಇದ್ದ ಕಡೆಯೆಲ್ಲ ಈ, ಇಲ್ಲಿ, ಈಗ.

ಮೋಸದ ತೊಂದರೆಯೂ ಇಲ್ಲಿ ಹೋಯಿತು. ಅವನಿಗೆ ಆ ಕ್ಷಣ ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. ಗೊತ್ತಾಗಬಹುದಾದದ್ದನ್ನು ಮುಚ್ಚಿಡುವುದೂ ಇಲ್ಲ. ‘ಚಿಲಕದ ಹತ್ತಿರ ಸವೆದ ಕಂದು’ ಮೊದಲೇ ಇದೆ. ಓದುಗರು ತುಕ್ಕಿನ ಜೊತೆ ಸೇರಿಸಿ ದಾಟಿಬಿಡುತ್ತಾರೆ, ಅವನೂ ದಾಟಿದ.

ಬೆಳಕಿನ ವಿಷಯದಲ್ಲಿ ಒಂದು ಸಲ ಎಡವಿದೆ. ಬೀದಿ ಕಂಬಕ್ಕೆ ಹಳೆಯ ಹಳದಿ ಸೋಡಿಯಂ ದೀಪ ಹಾಕಿದ್ದೆ, ಸಂಜೆ ಚೆಂದ ಕಾಣಲಿ ಅಂತ. ಆ ದೀಪದ ಕೆಳಗೆ ಬಣ್ಣಗಳ ಗುರುತು ಸರಿಯಾಗಿ ಸಿಗುವುದಿಲ್ಲ. ಹಸಿರೂ ಕಂದಿನಂತೆ ಮಂಕಾಗಿ ಕಾಣಬಹುದು. ಓದಿದ ಒಬ್ಬರು, ‘ಗೇಟ್ ಹಸಿರೇ ಇತ್ತು, ದೀಪದಿಂದ ಗೊತ್ತಾಗಲಿಲ್ಲ ಅಲ್ವಾ?’ ಅಂದರು. ಒಂದು ಒಗಟಿಗೆ ಎರಡು ಉತ್ತರ ಆಗಿಹೋಗಿತ್ತು. ಮಗಳ ನೆನಪಿನ ಮಾತು ವ್ಯರ್ಥವಾಗುತ್ತಿತ್ತು. ಕಂಬದ ದೀಪ ಕೆಟ್ಟಿದೆ ಅಂತ ಮಾಡಿದೆ. ಉಳಿದದ್ದು ಮೊಬೈಲ್ ಟಾರ್ಚಿನ ಬಿಳಿ ಬೆಳಕು.

ಗೇಟ್ ಸಿಗುವುದು ಅದರಿಂದಲೇ. ಆಪ್‌ನಲ್ಲಿ ‘ಡೆಲಿವರಿ ಆಗಲಿಲ್ಲ’ ಅಂತ ಒತ್ತುವ ಮೊದಲು ಇನ್ನೊಮ್ಮೆ ಫೋನ್ ಮಾಡುತ್ತಾನೆ, ಕಂದು ಗೇಟಿಗೆ ಒರಗಿಕೊಂಡು. ರಿಂಗ್ ಆಗುತ್ತಿದೆ. ಟಾರ್ಚ್ ಚಿಲಕದ ಮೇಲೆ ಬಿದ್ದಿದೆ. ಚಿಲಕ ಉಜ್ಜಿ ಉಜ್ಜಿ ಕಂದು ಎದ್ದುಹೋದ ಕಡೆ, ಉಗುರಿನಷ್ಟು ಅಗಲ, ಹಸಿರು.

ಇದೇ ಸಾಲನ್ನು ‘ನಾನು’ ಕರಡಿನಲ್ಲಿ ಇಟ್ಟು ನೋಡಿದೆ. ಅಲ್ಲಿ ಅದು ಜಾಣತನ ತೋರಿಸಿದ ಹಾಗಿತ್ತು. ಅಮ್ಮನ ಕರಡಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಇದಾದ ಮೇಲೆ ಬಾಗಿಲು ತಟ್ಟಿದರೂ ಯಾರೂ ಬರುವುದಿಲ್ಲ. ಟಾರ್ಚ್ ಕಿಟಕಿಯತ್ತ ತಿರುಗಿದಾಗ ಪರದೆ ಸರಿಯುತ್ತದೆ. ಅಮ್ಮ ಹೊರಗೆ ಬಂದು ಜೋರಾಗಿ ‘ಯಾರಪ್ಪಾ?’ ಅನ್ನುತ್ತಾರೆ. ಕೇಳಿಸದವರು ಜೋರಾಗಿ ಮಾತಾಡುತ್ತಾರೆ, ಅದನ್ನು ನಾನು ವಿವರಿಸಲಿಲ್ಲ. ಈ ‘ಅಪ್ಪಾ’ದಿಂದ ನನ್ನ ಹಳೆಯ ತಲೆನೋವೂ ಅರ್ಧ ಇಳಿಯಿತು. ಅವನನ್ನು ಹೇಗೆ ಕರೆಯಬೇಕು ಅನ್ನುವುದನ್ನು ನನಗಿಂತ ಅವರು ಚೆನ್ನಾಗಿ ಬಲ್ಲರು.

ಡೆಲಿವರಿ ಕೆಲಸ ಮಾಡುವ ಒಬ್ಬರಿಗೆ ಈ ಕರಡು ಓದಲು ಕೊಟ್ಟೆ. ಬಣ್ಣ, ಬೆಳಕು, ಪದ ಯಾವುದರ ಬಗ್ಗೆಯೂ ಅವರು ಮಾತಾಡಲಿಲ್ಲ. ‘ಓಟಿಪಿ ಯಾರ ಹತ್ತಿರ ಇದೆ ಸಾರ್?’ ಅಂದರು. ನಾನು ಆ ಕಡೆ ಯೋಚಿಸಿಯೇ ಇರಲಿಲ್ಲ. ವಿಳಾಸದ ಜೊತೆ ಮಗಳು ಕೊಟ್ಟ ನಂಬರ್ ಅಮ್ಮನದು, ಹಾಗಾಗಿ ಓಟಿಪಿ ಅಮ್ಮನ ಮೊಬೈಲಿಗೇ ಬಂದಿರುತ್ತದೆ ಅಂತ ಮಾಡಿದೆ. ಅವನು ಬೆರಳಿನಿಂದ ಫೋನ್ ಅಂತ ಸನ್ನೆ ಮಾಡುತ್ತಾನೆ. ಅವರು ಒಳಗೆ ಹೋಗಿ ಮೊಬೈಲ್ ತಂದು, ನೋಡಲೂ ಹೋಗದೆ ಅವನ ಕೈಗೇ ಕೊಡುತ್ತಾರೆ. ಕಥೆಯ ಈಗಿನ ಕೊನೆ ಆ ಪ್ರಶ್ನೆಯಿಂದ ಬಂದದ್ದು:

> ಮೆಸೇಜ್ ಹುಡುಕಿದ. ಅದರ ಮೇಲೆ ಏಳು ಮಿಸ್ಡ್ ಕಾಲ್. ಏಳೂ ಒಂದೇ ನಂಬರಿನಿಂದ, ತನ್ನದು.