ರೆಫರೆನ್ಸ್ ಸೆಲ್ ಹಾಕಿಸಿ ನಾಲ್ಕು ವರ್ಷ: ಪ್ಲಾಂಟ್ ಕೆಟ್ಟಿದೆಯೋ, ಬಿಸಿಲೇ ಕಮ್ಮಿಯೋ

ದಾವಣಗೆರೆ ಹತ್ತಿರ ನಮ್ಮದೊಂದು ರೈಸ್ ಮಿಲ್ ಇದೆ. ಅದರ ಶೀಟ್ ಚಾವಣಿ ಮೇಲೆ 96.5 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. 335 ವ್ಯಾಟಿನ ಪ್ಯಾನೆಲ್‌ಗಳು, 18 ಪ್ಯಾನೆಲ್ ಒಂದಕ್ಕೊಂದು ಸರಣಿಯಾಗಿ ಜೋಡಿಸಿದರೆ ಒಂದು ಸ್ಟ್ರಿಂಗ್, ಅಂಥ 16 ಸ್ಟ್ರಿಂಗ್, ಎರಡು ಇನ್ವರ್ಟರ್. ಮೊದಲ ವರ್ಷ ಯೂನಿಟ್ ಕಮ್ಮಿ ಬಂದಾಗಲೆಲ್ಲ ಹಾಕಿಕೊಟ್ಟವರಿಗೆ ಫೋನ್ ಮಾಡುತ್ತಿದ್ದೆ. ಅವರು ಪ್ರತಿ ಸಲ "ಮೋಡ ಇತ್ತು ಸಾರ್" ಅನ್ನುತ್ತಿದ್ದರು. ಸುಳ್ಳು ಅನ್ನೋಕೆ ನನ್ನ ಹತ್ತಿರ ಏನೂ ಇರಲಿಲ್ಲ, ನಿಜ ಅಂತ ಒಪ್ಪೋಕೂ ಮನಸ್ಸಿರಲಿಲ್ಲ. ಅದಕ್ಕೇ ಸುಮಾರು ₹28,000 ಕೊಟ್ಟು ರೆಫರೆನ್ಸ್ ಸೆಲ್ ತರಿಸಿದೆ.

ಇದು ಅಂಗೈಯಗಲದ ಪೆಟ್ಟಿಗೆ. ಗಾಜಿನ ಕೆಳಗೆ ಒಂದು ಸಿಲಿಕಾನ್ ಸೆಲ್ ಇರುತ್ತದೆ, ಪ್ಯಾನೆಲ್‌ನಲ್ಲಿ ಇರುವಂಥದ್ದೇ. ಪ್ಯಾನೆಲ್ ಸಾಲಿನ ಪಕ್ಕದಲ್ಲಿ, ಅದೇ ಇಳಿಜಾರಿಗೆ, ಅದೇ ದಿಕ್ಕಿಗೆ ಕೂರಿಸಬೇಕು. ಚದರ ಮೀಟರ್‌ಗೆ ಎಷ್ಟು ವ್ಯಾಟ್ ಬಿಸಿಲು ಬೀಳುತ್ತಿದೆ ಅಂತ ಇನ್ವರ್ಟರಿನ ಲಾಗರ್‌ಗೆ ಕಳಿಸುತ್ತಾ ಇರುತ್ತದೆ.

ಲೆಕ್ಕ ಸುಲಭ. ತಿಂಗಳಲ್ಲಿ ಚದರ ಮೀಟರ್‌ಗೆ ಬಿದ್ದ ಒಟ್ಟು ಬಿಸಿಲನ್ನು ಕಿಲೋವ್ಯಾಟ್ ಅವರ್‌ನಲ್ಲಿ ತೆಗೆದುಕೊಂಡು, ಪ್ಲಾಂಟಿನ ಕಿಲೋವ್ಯಾಟ್‌ನಿಂದ ಗುಣಿಸಿ. ಒಂಚೂರೂ ನಷ್ಟ ಇಲ್ಲದಿದ್ದರೆ ಬರಬೇಕಾದ ಯೂನಿಟ್ ಅದು. ನಿಜವಾಗಿ ಬಂದ ಯೂನಿಟ್ಟನ್ನು ಅದರಿಂದ ಭಾಗಿಸಿದರೆ ಸಿಗೋದೇ ಪಿಆರ್, ಅಂದರೆ ಪರ್ಫಾರ್ಮೆನ್ಸ್ ರೇಶಿಯೋ.

ಒಂದು ಪಾಠ ಜುಲೈನಲ್ಲಿ ಸಿಕ್ಕಿತು. ಸೆಲ್ ಹಾಕಿದ ವರ್ಷದ ಜುಲೈನಲ್ಲಿ 11,711 ಯೂನಿಟ್ ಬಂದಿತ್ತು, ಮರುವರ್ಷದ ಜುಲೈನಲ್ಲಿ 9,575. ನೂರಕ್ಕೆ 18 ಕಮ್ಮಿ. ಮನೆಯಲ್ಲಿ ಎಲ್ಲರೂ ಪ್ಯಾನೆಲ್ ಹಾಳಾಯ್ತು ಅಂತಲೇ ಅಂದುಕೊಂಡರು. ಸೆಲ್ ನೋಡಿದರೆ ತಿಂಗಳ ಬಿಸಿಲು ಚದರ ಮೀಟರ್‌ಗೆ 148 ಕಿಲೋವ್ಯಾಟ್ ಅವರ್‌ನಿಂದ 121ಕ್ಕೆ ಇಳಿದಿದೆ. ಪಿಆರ್ ಎರಡೂ ಸಲ 0.82. ಪ್ಲಾಂಟಿಗೆ ಏನೂ ಆಗಿರಲಿಲ್ಲ, ಮಳೆಗಾಲವೇ ಜೋರಾಗಿತ್ತು. ಆ ತಿಂಗಳು ನಾನು ಯಾರಿಗೂ ಫೋನ್ ಮಾಡಲಿಲ್ಲ.

ಆದರೆ ಈ ಸೆಲ್ ತನ್ನ ದುಡ್ಡು ದುಡಿದದ್ದು ಅದೇ ವರ್ಷದ ಮಾರ್ಚ್‌ನಲ್ಲಿ, ಯಾರಿಗೂ ಅನುಮಾನವೇ ಬಾರದ ತಿಂಗಳಲ್ಲಿ. ಹಿಂದಿನ ಮಾರ್ಚ್‌ನಲ್ಲಿ 14,027 ಯೂನಿಟ್, ಈ ಮಾರ್ಚ್‌ನಲ್ಲಿ 13,996. ಬಿಲ್ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಬೇಕು ಅಲ್ವಾ? ಸೆಲ್ ಬೇರೆ ಹೇಳಿತು. ಬಿಸಿಲು 184ರಿಂದ 196ಕ್ಕೆ ಏರಿದೆ, ಯೂನಿಟ್ ಏರಿಲ್ಲ. ಪಿಆರ್ 0.79 ಇದ್ದದ್ದು 0.74 ಆಗಿದೆ. ಹತ್ತಿರ ಹತ್ತಿರ 950 ಯೂನಿಟ್ ಸದ್ದಿಲ್ಲದೆ ಹೋಗಿತ್ತು.

ಆಮೇಲೆ ದಿನದ ಪಿಆರ್ ತೆಗೆದು ಹಿಂದಕ್ಕೆ ನೋಡುತ್ತಾ ಹೋದೆ. ಫೆಬ್ರವರಿ ಕೊನೆಯ ವಾರದಲ್ಲಿ ಒಂದೇ ದಿನ ಮೆಟ್ಟಿಲಿನ ಹಾಗೆ ಕೆಳಗೆ ಇಳಿದಿತ್ತು, ಮತ್ತೆ ಏರಿರಲಿಲ್ಲ. ಧೂಳು ಕೂತರೆ ಪಿಆರ್ ದಿನದಿಂದ ದಿನಕ್ಕೆ ಜಾರುತ್ತದೆ. ಹೀಗೆ ಧಡಕ್ಕನೆ ಬಿದ್ದರೆ ವೈರಿಂಗಿನಲ್ಲೇ ಏನೋ ಆಗಿದೆ ಅಂತ ಅರ್ಥ. ಇನ್ನೊಂದು ಸುಳಿವು ಲೆಕ್ಕದಲ್ಲೇ ಇತ್ತು. 0.79ರಿಂದ 0.74 ಅಂದರೆ ನೂರಕ್ಕೆ ಆರು ಚಿಲ್ಲರೆ. 16 ಸ್ಟ್ರಿಂಗ್‌ನಲ್ಲಿ ಒಂದು ಹೋದರೂ ಅಷ್ಟೇ.

ಮಧ್ಯಾಹ್ನ ಇನ್ವರ್ಟರ್ ಪರದೆ ನೋಡಿದೆ. ನಮ್ಮದರಲ್ಲಿ ಎರಡೆರಡು ಸ್ಟ್ರಿಂಗ್ ಸೇರಿ ಒಂದು ಇನ್‌ಪುಟ್. ಏಳು ಇನ್‌ಪುಟ್‌ನಲ್ಲಿ 16 ಆಂಪಿಯರ್ ಆಸುಪಾಸು ತೋರಿಸುತ್ತಿತ್ತು, ಎಂಟನೆಯದರಲ್ಲಿ ಬರೀ 8. ಹಾಕಿಕೊಟ್ಟವರ ಹುಡುಗ ಬಂದು ಕ್ಲ್ಯಾಂಪ್ ಮೀಟರ್ ಹಿಡಿದ. ಒಂದು ಸ್ಟ್ರಿಂಗ್ ಪೂರ್ತಿ ಸೊನ್ನೆ. ಪ್ಯಾನೆಲ್ ಕೆಳಗೆ ವೈರಿಗೆ ವೈರು ಜೋಡಿಸುವ ಎಂಸಿ4 ಕನೆಕ್ಟರ್ ಒಂದು ಸುಟ್ಟು ಕರಗಿತ್ತು. ಈ ಸಲ ಮೋಡದ ಮಾತು ಬರಲಿಲ್ಲ. ಇಂಥದ್ದನ್ನು ನೀವೇ ಬಿಚ್ಚೋಕೆ ಹೋಗಬೇಡಿ, ಬಿಸಿಲಿರುವಾಗ ಡಿಸಿ ಕನೆಕ್ಟರ್ ಎಳೆದರೆ ಬೆಂಕಿ ಹಾರುತ್ತದೆ.

ಇನ್ನು ಕಾಟ ಕೊಟ್ಟದ್ದನ್ನೂ ಹೇಳಬೇಕು.

ನಮ್ಮಲ್ಲಿ ಭತ್ತದ ಹೊಟ್ಟಿನ ಧೂಳು ವಿಪರೀತ. ಎರಡನೇ ವರ್ಷದ ಕೊಯ್ಲಿನ ಹೊತ್ತಿಗೆ ಪಿಆರ್ ತಾನಾಗೇ 0.83ಕ್ಕೆ ಏರಿತು. ಪ್ಯಾನೆಲ್ ತೊಳೆದೇ ಇಲ್ಲ, ರಿಪೇರಿಯೂ ಇಲ್ಲ, ಹೇಗೆ ಏರುತ್ತೆ? ಮೇಲೆ ಹತ್ತಿ ಸೆಲ್ಲಿನ ಗಾಜು ಒದ್ದೆ ಬಟ್ಟೆಯಲ್ಲಿ ಒರೆಸಿದೆ. 845 ತೋರಿಸುತ್ತಿದ್ದದ್ದು ಒಂದೇ ನಿಮಿಷದಲ್ಲಿ 905 ಆಯಿತು. ಸೆಲ್ಲೇ ಕೊಳೆಯಾಗಿ ಬಿಸಿಲನ್ನು ಕಮ್ಮಿ ತೋರಿಸುತ್ತಿತ್ತು, ಅದಕ್ಕೆ ಪ್ಲಾಂಟ್ ಚೆನ್ನಾಗಿ ಕಾಣುತ್ತಿತ್ತು. ಸೆಲ್ಲೂ ಪ್ಯಾನೆಲ್ಲೂ ಒಂದೇ ಸಮ ಕೊಳೆಯಾದರೆ ಇನ್ನೂ ಕಷ್ಟ. ಆಗ ಪಿಆರ್ ಅಲುಗುವುದೇ ಇಲ್ಲ, ಧೂಳಿನ ನಷ್ಟ ಗೊತ್ತೇ ಆಗುವುದಿಲ್ಲ. ಈಗ ವಾರಕ್ಕೆ ಎರಡು ಸಲ ಸೆಲ್ ಒರೆಸುತ್ತೇವೆ, ಪ್ಯಾನೆಲ್ ತೊಳೆಯುವುದು ಅದರ ಪಾಡಿಗೆ. ಸೆಲ್ ಯಾವಾಗಲೂ ಶುಚಿಯಾಗಿ ಇರುವುದರಿಂದ, ಪಿಆರ್ ನೂರಕ್ಕೆ ನಾಲ್ಕರಷ್ಟು ಜಾರಿದಾಗ ಪ್ಯಾನೆಲ್ ತೊಳೆಸುತ್ತೇನೆ.

ಒಮ್ಮೆ ಶೀಟ್ ರಿಪೇರಿಗೆ ಬಂದವರ ಕಾಲು ತಾಗಿ ಸೆಲ್ಲಿನ ಬ್ರಾಕೆಟ್ ಪೂರ್ವಕ್ಕೆ ವಾಲಿತು. ದಿನದ ಮೊತ್ತದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದರೆ ಮೋಡವಿಲ್ಲದ ದಿನದ ಗ್ರಾಫ್‌ನಲ್ಲಿ ಸೆಲ್ಲಿನ ಗೆರೆ ಪ್ಲಾಂಟಿನ ಗೆರೆಗಿಂತ ಮುಂಚೆ ತುದಿ ಮುಟ್ಟುತ್ತಿತ್ತು. ಬೆಳಿಗ್ಗೆ ಪಿಆರ್ ಕೆಟ್ಟದಾಗಿ, ಮಧ್ಯಾಹ್ನದ ಮೇಲೆ ಚೆನ್ನಾಗಿ ಕಂಡರೆ ಮೊದಲು ಬ್ರಾಕೆಟ್ ನೋಡಿ.

ಮತ್ತೆ ಕರೆಂಟ್ ಹೋಗುವುದು. ಲೈನಿನಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ನಿಲ್ಲುತ್ತದೆ, ಸೆಲ್ ಮಾತ್ರ ಬಿಸಿಲು ಎಣಿಸುತ್ತಲೇ ಇರುತ್ತದೆ. ಒಂದು ಮೇ ತಿಂಗಳು ಪಿಆರ್ 0.69 ಬಂದು ಗಾಬರಿಯಾಗಿತ್ತು. ಕರೆಂಟ್ ಇಲ್ಲದ ಗಂಟೆಗಳನ್ನು ತೆಗೆದು ಲೆಕ್ಕ ಹಾಕಿದರೆ 0.78. ಬಿರುಬೇಸಿಗೆಯಲ್ಲಿ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ, 25ರ ಮೇಲೆ ಡಿಗ್ರಿಗೆ ನೂರಕ್ಕೆ 0.4ರಷ್ಟು ಕಳೆದುಕೊಳ್ಳುತ್ತದೆ. ಹಾಗಾಗಿ ಮೇ ತಿಂಗಳನ್ನು ಜುಲೈ ಜೊತೆ ಹೋಲಿಸಬಾರದು, ಮೇ ಜೊತೆ ಮೇ ತಿಂಗಳನ್ನೇ ಇಟ್ಟು ನೋಡಬೇಕು.

ಬಿಸಿಲು ಅಳೆಯೋಕೆ ಪೈರನೋಮೀಟರ್ ಅನ್ನೋ ಇನ್ನೊಂದು ಉಪಕರಣ ಇದೆ, ಅದನ್ನು ಯಾಕೆ ತಗೊಳ್ಳಲಿಲ್ಲ ಅಂತ ಕೇಳುತ್ತಾರೆ. ಒಳ್ಳೆಯದು ನನ್ನ ಸೆಲ್ಲಿಗಿಂತ ಹಲವು ಪಟ್ಟು ದುಬಾರಿ. ಚಿತ್ರದುರ್ಗದ ಕಡೆ ದೊಡ್ಡ ಪ್ಲಾಂಟ್ ನೋಡಿಕೊಳ್ಳುವ ಗೆಳೆಯರೊಬ್ಬರು ತಮ್ಮದನ್ನು ಹತ್ತು ದಿನ ನನ್ನ ಸೆಲ್ ಪಕ್ಕ ಇಟ್ಟು ತೋರಿಸಿದರು. ನಡುಮಧ್ಯಾಹ್ನ ಎರಡೂ ಹತ್ತಿರ ಹತ್ತಿರ ಒಂದೇ. ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ಮಾತ್ರ ಪೈರನೋಮೀಟರ್ ಜಾಸ್ತಿ ತೋರಿಸುತ್ತಿತ್ತು. ಅದಕ್ಕೆ ಗಾಜಿನ ಗುಮ್ಮಟ ಇದೆ, ಓರೆ ಬಿಸಿಲನ್ನೂ ಪೂರ್ತಿ ಹಿಡಿಯುತ್ತದೆ. ನನ್ನ ಸೆಲ್ಲಿನ ಚಪ್ಪಟೆ ಗಾಜು, ಪ್ಯಾನೆಲ್ ಹಾಗೆಯೇ, ಓರೆ ಬಿಸಿಲನ್ನು ಸ್ವಲ್ಪ ಹಿಂದಕ್ಕೆ ಎಸೆಯುತ್ತದೆ. ದಿನದ ಮೊತ್ತದಲ್ಲಿ ನೂರಕ್ಕೆ ಎರಡು ಮೂರು ವ್ಯತ್ಯಾಸ ಬಂತು. ಪ್ಯಾನೆಲ್ ಕೆಟ್ಟಿದೆಯಾ ಅಂತ ತಿಳಿಯೋಕೆ ಪ್ಯಾನೆಲ್ ಥರವೇ ನೋಡುವ ಸೆಲ್ ನನಗೆ ಸಾಕು. ಆದರೆ ಇಷ್ಟು ಪಿಆರ್ ಕೊಡುತ್ತೇವೆ ಅಂತ ಯಾರಾದರೂ ಬರೆದುಕೊಟ್ಟರೆ, ಯಾವ ಉಪಕರಣದ ಅಳತೆಯಲ್ಲಿ ಅಂತಲೂ ಅದರಲ್ಲೇ ಬರೆಸಿಕೊಳ್ಳಿ. ಒಂದೇ ಪ್ಲಾಂಟ್ ಸೆಲ್ಲಿನಲ್ಲಿ 0.79, ಪೈರನೋಮೀಟರ್‌ನಲ್ಲಿ 0.77 ಬರಬಹುದು.

ಎರಡು ವರ್ಷ ಆದ ಮೇಲೆ ಸೆಲ್ಲನ್ನು ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆ ಸರಿ ಇದೆಯಾ ಅಂತ ಪರೀಕ್ಷೆಗೆ ಕಳಿಸಿದೆ. ಐದು ವಾರ ಹಿಡಿಯಿತು, ಅಷ್ಟು ದಿನ ನನಗೆ ಪ್ಲಾಂಟಿನ ವಿಷಯ ಏನೂ ಗೊತ್ತಾಗಲಿಲ್ಲ. ನೂರಕ್ಕೆ ಒಂದೂವರೆ ಕಮ್ಮಿ ತೋರಿಸುತ್ತಿದೆ ಅಂತ ಹೊಸ ಅಂಕಿ ಕೊಟ್ಟರು, ಅದನ್ನು ಲಾಗರ್‌ನಲ್ಲಿ ಬದಲಿಸಿದೆ. ಇಂಥ ಸೆಲ್ಲಿನಲ್ಲಿ ನೂರಕ್ಕೆ ಮೂರು ನಾಲ್ಕರ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಪ್ಯಾನೆಲ್ ವರ್ಷಕ್ಕೆ ಅರ್ಧ ಪರ್ಸೆಂಟ್ ಸವೆಯುತ್ತಿದೆಯಾ ಅನ್ನೋದನ್ನು ಇದರಲ್ಲಿ ಹಿಡಿಯೋಕೆ ಆಗಲ್ಲ, ನಾನು ಪ್ರಯತ್ನ ಮಾಡಿ ಬಿಟ್ಟೆ. ಈ ವರ್ಷ ಎರಡನೇ ಕ್ಯಾಲಿಬ್ರೇಶನ್ ಬಂದಿದೆ. ಈ ಸಲ ಜೂನ್ ಕೊನೆಗೆ ಕಳಿಸುತ್ತೇನೆ, ಹೇಗೂ ಆಗ ಬಿಸಿಲು ಕಮ್ಮಿ, ಕೊಯ್ಲಿನ ಧೂಳು ಶುರುವಾಗುವ ಮೊದಲು ವಾಪಸ್ ಬಂದಿರುತ್ತದೆ.