ಮಕ್ಕಳ ಇಕ್ಕಟ್ಟಾದ ಮೇಲ್ದವಡೆಗೆ ಪ್ಲೇಟ್, ಹೈರಾಕ್ಸ್, ಕ್ವಾಡ್ ಹೀಲಿಕ್ಸ್: ನಾವು ಬಳಸಿ ನೋಡಿದ್ದು

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿಗೂ ಮೇಲ್ದವಡೆ ಇಕ್ಕಟ್ಟಾಗಿತ್ತು. ಮಗಳಿಗೆ ತೆಗೆದು ಹಾಕುವ ಪ್ಲೇಟ್ ಕೊಟ್ಟರು. ಮಗನಿಗೆ ಹಲ್ಲಿಗೇ ಅಂಟಿಸುವ ಹೈರಾಕ್ಸ್ ಹಾಕಿದರು. ಧಾರವಾಡದಲ್ಲಿರುವ ನನ್ನ ತಂಗಿಯ ಮಗಳಿಗೆ ಕ್ವಾಡ್ ಹೀಲಿಕ್ಸ್ ಎಂಬ ತಂತಿಯ ಸಾಧನ ಹಾಕಿದ್ದರು. ಮೂರನ್ನೂ ಹತ್ತಿರದಿಂದ ನೋಡಿದ ಮೇಲೆ ಯಾವುದು ಯಾರಿಗೆ ಸರಿ ಎಂಬ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಬಂದಿದೆ.

ಸಾಧನದ ಮಾತಿಗೆ ಮೊದಲು ಒಂದು ವಿಷಯ. ಹಲ್ಲು ಒತ್ತೊತ್ತಾಗಿ ಬರುತ್ತಿದೆ ಅನ್ನುವ ಒಂದೇ ಕಾರಣಕ್ಕೆ ದವಡೆ ಅಗಲ ಮಾಡಿಸಬೇಕಿಲ್ಲ. ನೋಡಬೇಕಾದದ್ದು ಕ್ರಾಸ್‌ಬೈಟ್. ಬಾಯಿ ಮುಚ್ಚಿದಾಗ ಮೇಲಿನ ದವಡೆ ಹಲ್ಲುಗಳು ಕೆಳಗಿನವುಗಳ ಹೊರಗೆ ಕೂರಬೇಕು. ಒಳಗೆ ಕೂತರೆ ಅದು ಕ್ರಾಸ್‌ಬೈಟ್. ಬಹಳ ಸಲ ಅದು ಒಂದೇ ಪಕ್ಕದಲ್ಲಿ ಕಾಣುತ್ತದೆ, ಆದರೆ ಮೇಲ್ದವಡೆ ಎರಡೂ ಕಡೆ ಇಕ್ಕಟ್ಟಾಗಿರುತ್ತದೆ. ಹಲ್ಲುಗಳು ನೇರವಾಗಿ ಕೂಡುವಾಗ ಮೊನೆಗೆ ಮೊನೆ ತಾಗುತ್ತವೆ. ಹಾಗಾಗಿ ಮಗು ಕೆಳದವಡೆಯನ್ನು ಒಂದು ಪಕ್ಕಕ್ಕೆ ಸರಿಸಿ ಕಚ್ಚುವುದನ್ನು ರೂಢಿ ಮಾಡಿಕೊಳ್ಳುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ, ನಿಧಾನವಾಗಿ ಬಾಯಿ ಮುಚ್ಚಲು ಹೇಳಿ. ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುಗೆರೆ ಮೊದಲ ತಾಗುವಿಕೆಯಲ್ಲಿ ಸೇರಿ, ಪೂರ್ತಿ ಕಚ್ಚಿದಾಗ ಪಕ್ಕಕ್ಕೆ ಜಾರಿದರೆ ದವಡೆ ಸರಿಯುತ್ತಿದೆ ಎಂದೇ ಅರ್ಥ. ನನ್ನ ಮಗಳಲ್ಲಿ ಹಾಗೇ ಆಗುತ್ತಿತ್ತು. ಬೆಳೆಯುವ ವಯಸ್ಸಿನಲ್ಲಿ ಈ ರೂಢಿಯನ್ನು ಹಾಗೇ ಮುಂದುವರಿಯಲು ಬಿಟ್ಟರೆ ಕೆಳದವಡೆಯೇ ಒಂದು ಪಕ್ಕಕ್ಕೆ ಬೆಳೆಯಬಹುದು ಎಂದು ಡಾಕ್ಟ್ರು ಹೇಳಿದ್ದರು. ಎಂಟು ವರ್ಷಕ್ಕೇ ಶುರು ಮಾಡಿದ್ದು ಅದಕ್ಕೆ.

ಎಷ್ಟು ಅಗಲ ಬೇಕು ಎಂಬುದನ್ನು ಅಳೆದೇ ಹೇಳುತ್ತಾರೆ. ಮೇಲಿನ ಎರಡು ಪಕ್ಕದ ಆರು ವರ್ಷಕ್ಕೆ ಬರುವ ದವಡೆ ಹಲ್ಲುಗಳ ಒಳಮೊನೆಗಳ ನಡುವಿನ ದೂರವನ್ನೂ, ಅವು ಕೂರಬೇಕಾದ ಕೆಳಗಿನ ಹಲ್ಲುಗಳ ನಡುಗುಳಿಗಳ ನಡುವಿನ ದೂರವನ್ನೂ ಹೋಲಿಸುತ್ತಾರೆ. ಎರಡೂ ಸಮನಾಗಿರಬೇಕು. ಮಗಳಿಗೆ 3 ಮಿಲಿಮೀಟರ್ ಕಡಿಮೆ ಇತ್ತು. ಮಗನಿಗೆ ಮೇಲೆ 36, ಕೆಳಗೆ 41, ಅಂದರೆ 5 ಮಿಲಿಮೀಟರ್ ಕೊರತೆ. ಅವನ ಅಂಗುಳವೂ ತುಂಬಾ ಎತ್ತರವಾಗಿ, ಕಿರಿದಾಗಿತ್ತು. ಹಲ್ಲಿಗಿಂತ ಮೂಳೆಯೇ ಇಕ್ಕಟ್ಟು ಎಂದು ಅಚ್ಚು ತೆಗೆದು ತೋರಿಸಿದರು. ಇದೇ ವ್ಯತ್ಯಾಸ ಇಬ್ಬರಿಗೂ ಬೇರೆ ಬೇರೆ ಸಾಧನ ಬರಲು ಕಾರಣ.

ಪ್ಲೇಟ್ ಎಂದರೆ ಅಂಗುಳಕ್ಕೆ ಹೊಂದುವ ಪ್ಲಾಸ್ಟಿಕ್ ತಟ್ಟೆ. ಮಧ್ಯದಲ್ಲಿ ಸೀಳಿ, ಒಂದು ಸಣ್ಣ ಸ್ಕ್ರೂ ಇಟ್ಟಿರುತ್ತಾರೆ. ದವಡೆ ಹಲ್ಲುಗಳನ್ನು ಹಿಡಿಯಲು ತಂತಿಯ ಕೊಕ್ಕೆಗಳು ಇರುತ್ತವೆ. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರ್ ಅಗಲವಾಗುತ್ತದೆ. ನಮಗೆ ವಾರಕ್ಕೊಂದು ಸಲ ತಿರುಗಿಸಲು ಹೇಳಿದ್ದರು. ಬೇಕಿದ್ದ 3 ಮತ್ತು ಮರಳಿ ಒಳಗೆ ಜಾರುವುದಕ್ಕೆ ಎಂದು ಇನ್ನೊಂದು ಸೇರಿಸಿದರೆ 4 ಮಿಲಿಮೀಟರ್. ಅಂದರೆ ಎಲ್ಲ ಸರಿ ಹೋದರೂ ಹದಿನಾರು ವಾರ. ಇದರಲ್ಲಿ ಹಲ್ಲುಗಳು ಹೊರಕ್ಕೆ ವಾಲುವುದೇ ಜಾಸ್ತಿ, ಅಂಗುಳದ ಎರಡು ಮೂಳೆಗಳ ನಡುವಿನ ಕೂಡು ತೆರೆಯುವುದು ಕಡಿಮೆ. ಸಣ್ಣ ಕೊರತೆಗೆ ಅದು ಸಾಕು.

ಪ್ಲೇಟಿನ ಒಳ್ಳೆಯ ಗುಣ ಎಂದರೆ ತೆಗೆದು ತೊಳೆಯಬಹುದು. ಹಲ್ಲುಜ್ಜುವುದಕ್ಕೆ ತೊಂದರೆ ಇಲ್ಲ. ಚಕ್ಕುಲಿ, ಕಡಲೆ ಮಿಠಾಯಿಗೂ ಅಡ್ಡಿ ಇಲ್ಲ, ತೆಗೆದಿಟ್ಟು ತಿನ್ನಬಹುದು. ಶುರುವಿನಲ್ಲಿ 'ಸ', 'ಶ' ತೊದಲಿದರೂ ಸ್ವಲ್ಪ ದಿನಕ್ಕೆ ಸರಿಯಾಯಿತು. ತೊಂದರೆ ಏನೆಂದರೆ, ತೆಗೆಯಬಹುದಾದದ್ದನ್ನು ಮಕ್ಕಳು ತೆಗೆದೇ ಬಿಡುತ್ತಾರೆ. ಊಟ, ಹಲ್ಲುಜ್ಜುವ ಹೊತ್ತು ಬಿಟ್ಟು ಹಗಲು ರಾತ್ರಿ ಹಾಕಿರಬೇಕು. ಶಾಲೆಗೆ ಹೋಗುವಾಗ ಜೇಬಿಗೆ ಸೇರಿದರೆ, ಸಂಜೆ ಹಾಕುವಾಗ ಬಿಗಿಯಾಗುತ್ತದೆ. ಬಿಗಿಯಾಯಿತು ಅಂತ ಮತ್ತೆ ತೆಗೆಯುತ್ತಾರೆ. ಹೀಗೆ ಸುತ್ತು ಹೊಡೆಯುತ್ತದೆ.

ಹಾಕುತ್ತಿದ್ದಾಳೋ ಇಲ್ಲವೋ ಎಂದು ತಿಳಿಯಲು ಎರಡು ಗುರುತು ಇವೆ. ದಿನವೂ ಹಾಕುವ ಮಗುವಿನ ಅಂಗುಳದಲ್ಲಿ ಪ್ಲೇಟಿನ ಅಂಚಿನ ಗೆರೆ ತೆಳುವಾಗಿ ಮೂಡಿರುತ್ತದೆ. ಮಾತೂ ಸರಾಗವಾಗಿರುತ್ತದೆ, ತೊದಲುತ್ತಲೇ ಇದ್ದರೆ ರೂಢಿಯಾಗಿಲ್ಲ ಎಂದರ್ಥ. ಇವೆರಡಕ್ಕಿಂತ ಖಚಿತವಾದದ್ದು ಅಳತೆ. ಸ್ಕ್ರೂ 2 ಮಿಲಿಮೀಟರ್ ತೆರೆದಿದೆ, ಹಲ್ಲುಗಳ ನಡುವಿನ ದೂರ ಅರ್ಧ ಮಿಲಿಮೀಟರ್ ಮಾತ್ರ ಹೆಚ್ಚಿದೆ ಎಂದರೆ ಪ್ಲೇಟ್ ಅಗಲವಾಗುತ್ತಿದೆ, ದವಡೆ ಆಗುತ್ತಿಲ್ಲ. ಆಗ ಸುಮ್ನೆ ತಿರುಗಿಸುತ್ತಾ ಹೋದರೆ ಪ್ಲೇಟ್ ಕೂರುವುದೇ ಇಲ್ಲ. ಕೆಲವು ಸುತ್ತು ಹಿಂದಕ್ಕೆ ತಿರುಗಿಸಿ, ಮತ್ತೆ ಕೂರುವಂತೆ ಮಾಡಿ ಮುಂದುವರಿಸಬೇಕು. ಮಗಳಿಗೆ ಪರೀಕ್ಷೆಯ ತಿಂಗಳಲ್ಲಿ ಹೀಗಾಯಿತು, ಡಾಕ್ಟ್ರು ಹಿಂದಕ್ಕೆ ತಿರುಗಿಸಿಕೊಟ್ಟರು. ಕೊನೆಗೆ ಕ್ರಾಸ್‌ಬೈಟ್ ಸರಿಹೋಯಿತು, ಅಂದುಕೊಂಡದ್ದಕ್ಕಿಂತ ಸಾಕಷ್ಟು ತಡವಾಗಿ.

ಇನ್ನು ಹೈರಾಕ್ಸ್. ಇದು ಬೇರೆಯೇ ಕಥೆ. ಹಿಂದಿನ ದವಡೆ ಹಲ್ಲುಗಳಿಗೂ, ಮುಂದಿನ ಹಾಲು ದವಡೆ ಹಲ್ಲುಗಳಿಗೂ ಲೋಹದ ಬಳೆಗಳನ್ನು ಸಿಮೆಂಟ್ ಹಾಕಿ ಕೂರಿಸುತ್ತಾರೆ. ಬಳೆಗಳಿಂದ ದಪ್ಪ ತಂತಿಗಳು ಅಂಗುಳದ ಮಧ್ಯದ ಸ್ಕ್ರೂಗೆ ಸೇರುತ್ತವೆ. ಇಲ್ಲಿ ಹಲ್ಲನ್ನು ವಾಲಿಸುವುದು ಗುರಿಯಲ್ಲ. ಅಂಗುಳದ ಮೂಳೆ ಎರಡು ಭಾಗ, ನಡುವೆ ಒಂದು ಕೂಡು ಇದೆ. ಮಕ್ಕಳಲ್ಲಿ ಅದು ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ಹಲ್ಲು ನಿಧಾನವಾಗಿ ಸರಿಯುವುದಕ್ಕೆ ಸಮಯ ಕೊಡದಷ್ಟು ಬೇಗ ಒತ್ತಿದರೆ, ಆ ಕೂಡೇ ತೆರೆದುಕೊಳ್ಳುತ್ತದೆ. 1860ರಲ್ಲೇ ಎಮರ್ಸನ್ ಏಂಜೆಲ್ ಎಂಬ ಅಮೆರಿಕದ ದಂತವೈದ್ಯರು ಇದನ್ನು ಮಾಡಿ ಬರೆದಿದ್ದರು. ಆಗ ಯಾರೂ ಹೆಚ್ಚು ನಂಬಲಿಲ್ಲ. 1960ರ ದಶಕದಲ್ಲಿ ಆಂಡ್ರ್ಯೂ ಹಾಸ್ ಅವರ ಕೆಲಸದ ನಂತರ ಮತ್ತೆ ಬಳಕೆಗೆ ಬಂತು.

ಮಗನಿಗೆ ಲೆಕ್ಕ ಹೀಗಿತ್ತು. ಕೊರತೆ 5, ಮರಳಿ ಜಾರುವುದಕ್ಕೆ 2, ಒಟ್ಟು 7 ಮಿಲಿಮೀಟರ್. ಕಾಲು ಸುತ್ತಿಗೆ ಕಾಲು ಮಿಲಿಮೀಟರ್ ಆದರೆ 28 ಸಲ ತಿರುಗಿಸಬೇಕು. ಬೆಳಿಗ್ಗೆ ಒಂದು, ರಾತ್ರಿ ಒಂದು. ಎರಡು ವಾರ.

ತಿರುಗಿಸುವುದು ನಮ್ಮ ಕೆಲಸ. ಮಗು ಮಲಗಿ ಬಾಯಿ ತೆರೆಯಬೇಕು, ಮೊಬೈಲಿನ ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಕು. ಕೀಲಿಯನ್ನು ಸ್ಕ್ರೂವಿನ ಮುಂದಿನ ತೂತಿಗೆ ಸಿಕ್ಕಿಸಿ, ಗಂಟಲಿನ ಕಡೆಗೆ ತಳ್ಳಬೇಕು. ಮುಂದೆ ಹೊಸ ತೂತು ಪೂರ್ತಿ ಕಾಣುವವರೆಗೂ ತಳ್ಳಬೇಕು. ಅರ್ಧಕ್ಕೆ ಬಿಟ್ಟರೆ ಮುಂದಿನ ಸಲ ತೂತು ಸಿಗುವುದಿಲ್ಲ. ಕೀಲಿ ತೆಗೆಯುವಾಗ ಮುಂದಕ್ಕೆ ಎಳೆದರೆ ಸ್ಕ್ರೂ ಹಿಂದಕ್ಕೆ ತಿರುಗಿಬಿಡುತ್ತದೆ, ಕೆಳಕ್ಕೆ ಇಳಿಸಿ ತೆಗೆಯಬೇಕು. ಕೀಲಿಗೆ ಉದ್ದ ದಾರ ಕಟ್ಟಿ ಬೆರಳಿಗೆ ಸುತ್ತಿಕೊಳ್ಳುವುದು ಕಡ್ಡಾಯ. ಕೈ ಜಾರಿದರೆ ಅದು ಗಂಟಲಿಗೇ ಹೋಗುವುದು.

ತಿರುಗಿಸಿದ ಕೂಡಲೇ ಮೂಗಿನ ಬುಡದಲ್ಲಿ, ಕಣ್ಣುಗಳ ನಡುವೆ ಒತ್ತಿದ ಹಾಗೆ ಆಗುತ್ತಿತ್ತಂತೆ. ಐದಾರು ನಿಮಿಷಕ್ಕೆ ಇಳಿಯುತ್ತಿತ್ತು. ಮೊದಲ ವಾರದ ಕೊನೆಗೆ ಮೇಲಿನ ಎರಡು ಮುಂಹಲ್ಲುಗಳ ನಡುವೆ ಸಂದು ಬಿತ್ತು. ಅಜ್ಜಿ ಗಾಬರಿಯಾದರು. ಆದರೆ ನಾವು ಕಾಯುತ್ತಿದ್ದದ್ದೇ ಅದಕ್ಕೆ! ಕೂಡು ತೆರೆದಿದೆ ಎಂಬುದಕ್ಕೆ ಮನೆಯಲ್ಲಿ ಕಾಣುವ ಗುರುತು ಅದೊಂದೇ. ಎಕ್ಸ್‌ರೇ ತೆಗೆದಾಗ ಅಂಗುಳದ ಮಧ್ಯೆ ಮುಂದೆ ಅಗಲ, ಹಿಂದೆ ಕಿರಿದಾದ ಕಪ್ಪು ಸೀಳು ಕಂಡಿತು. ಆ ಸಂದು ತಾನಾಗಿಯೇ ಕೆಲವು ತಿಂಗಳಲ್ಲಿ ಮುಚ್ಚುತ್ತದೆ, ಒಸಡಿನ ನಾರುಗಳು ಹಲ್ಲುಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಹತ್ತು ಹನ್ನೆರಡು ಸಲ ತಿರುಗಿಸಿದರೂ ಸಂದು ಬೀಳದೆ ನೋವು ಮಾತ್ರ ಹೆಚ್ಚಿದರೆ, ಅಥವಾ ಒಂದು ಬಳೆ ಸಡಿಲವಾದರೆ, ತಿರುಗಿಸುವುದನ್ನು ನಿಲ್ಲಿಸಿ ಡಾಕ್ಟ್ರಿಗೆ ತೋರಿಸಬೇಕು. ಮಗನಿಗೆ ಒಮ್ಮೆ ಬಳೆ ಬಿಟ್ಟಿತ್ತು, ಮರುದಿನವೇ ಮತ್ತೆ ಅಂಟಿಸಿದರು.

ತಿರುಗಿಸುವ ಕೆಲಸ ಮುಗಿದ ಮೇಲೂ ಸಾಧನ ತೆಗೆಯುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ತೆರೆದ ಕೂಡಿನಲ್ಲಿ ಹೊಸ ಮೂಳೆ ತುಂಬಲು ಮೂರರಿಂದ ಆರು ತಿಂಗಳು ಬೇಕು. ಅಷ್ಟೂ ದಿನ ಅದು ಬಾಯಲ್ಲೇ ಇರುತ್ತದೆ. ಅನ್ನ ಸಿಕ್ಕಿಕೊಳ್ಳುತ್ತದೆ, ಪ್ರತಿ ಊಟದ ನಂತರ ಸೂಜಿ ಇಲ್ಲದ ಸಿರಿಂಜಿನಿಂದ ನೀರು ಹಾಯಿಸುತ್ತಿದ್ದೆವು. ಮುದ್ದೆ, ಇಡ್ಲಿ, ಮೊಸರನ್ನ ಸುಲಭ. ನಿಪ್ಪಟ್ಟು, ಕೋಡುಬಳೆ, ಕಬ್ಬು, ಚ್ಯೂಯಿಂಗ್ ಗಮ್ ಬೇಡವೇ ಬೇಡ.

ತಂಗಿಯ ಮಗಳ ಕ್ವಾಡ್ ಹೀಲಿಕ್ಸ್ ಇವೆರಡರ ನಡುವೆ ನಿಲ್ಲುತ್ತದೆ. ನಾಲ್ಕು ಸುರುಳಿ ಇರುವ ಗಟ್ಟಿ ತಂತಿಯನ್ನು ಹಿಂದಿನ ಎರಡು ದವಡೆ ಹಲ್ಲುಗಳ ಬಳೆಗೆ ಸೇರಿಸುತ್ತಾರೆ. ಹಾಕುವ ಮೊದಲೇ ಡಾಕ್ಟ್ರು ತಂತಿಯನ್ನು ಬೇಕಾದಷ್ಟು ಅಗಲಿಸಿರುತ್ತಾರೆ, ಅದು ಸ್ಪ್ರಿಂಗಿನ ಹಾಗೆ ಮೆಲ್ಲಗೆ ಹೊರಕ್ಕೆ ಒತ್ತುತ್ತಿರುತ್ತದೆ. ಮನೆಯಲ್ಲಿ ತಿರುಗಿಸುವ ಕೆಲಸವೇ ಇಲ್ಲ. ಒಂದೂವರೆ ತಿಂಗಳಿಗೊಮ್ಮೆ ನೋಡಿ, ಬೇಕಿದ್ದರೆ ಮತ್ತೆ ಅಗಲಿಸುತ್ತಾರೆ. ಅವಳಿಗೆ ಬೆರಳು ಚೀಪುವ ಅಭ್ಯಾಸವೂ ಇತ್ತು. ಮುಂದಿನ ಸುರುಳಿಗಳು ಬೆರಳಿಗೆ ತಾಗಿ ಅದರ ರುಚಿಯನ್ನೇ ಕೆಡಿಸಿದವು. ನಾಲಿಗೆಯ ಪಕ್ಕದಲ್ಲಿ ತಂತಿಯ ಗುರುತು ಬಿದ್ದು ಉರಿಯುತ್ತಿತ್ತು, ಅದೊಂದೇ ಅವಳ ದೂರು.

2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನದಲ್ಲಿ ಮಕ್ಕಳಿಗೆ ಚೀಟಿ ಎತ್ತಿದ ಹಾಗೆ ಪ್ಲೇಟ್ ಮತ್ತು ಕ್ವಾಡ್ ಹೀಲಿಕ್ಸ್ ಹಂಚಿ ನೋಡಿದ್ದರು. ಕ್ವಾಡ್ ಹೀಲಿಕ್ಸ್ ಹಾಕಿದ ಎಲ್ಲ ಮಕ್ಕಳಿಗೂ ಕ್ರಾಸ್‌ಬೈಟ್ ಸರಿಹೋಯಿತು. ಪ್ಲೇಟ್ ಹಾಕಿದವರಲ್ಲಿ ಮೂರನೇ ಒಂದರಷ್ಟು ಮಕ್ಕಳಿಗೆ ಆಗಲಿಲ್ಲ. ನನ್ನ ಮಗಳು ಪಟ್ಟ ಪಾಡು ನೋಡಿದವಳಿಗೆ ಇದು ಆಶ್ಚರ್ಯ ಅನಿಸಲಿಲ್ಲ.

ಹಾಗಾಗಿ ನನ್ನ ಆಯ್ಕೆ ಇದು. ಏಳೆಂಟು ವರ್ಷದ ಮಗು, ಸಣ್ಣ ಕೊರತೆ, ದವಡೆ ಪಕ್ಕಕ್ಕೆ ಸರಿಯುತ್ತಿದೆ ಎಂದಾದರೆ ಕ್ವಾಡ್ ಹೀಲಿಕ್ಸ್ ಬಗ್ಗೆ ಮೊದಲು ಕೇಳುತ್ತೇನೆ. ಹೇಳಿದ ಮಾತು ಕೇಳಿ ಹಾಕಿಕೊಳ್ಳುವ ಮಗುವಾದರೆ, ಹಲ್ಲು ಹುಳುಕಾಗುವ ಭಯ ಇದ್ದರೆ ಪ್ಲೇಟ್ ಸರಿ. ಖರ್ಚೂ ಕಡಿಮೆ. ಅಂಗುಳವೇ ಕಿರಿದಾಗಿ ಕೊರತೆ ದೊಡ್ಡದಿದ್ದರೆ ಮಾತ್ರ ಹೈರಾಕ್ಸ್. ಆಗ ಪ್ಲೇಟ್ ಹಿಡಿದು ಕಾಯುವುದು ಬೇಡ, ಹಲ್ಲು ಸುಮ್ನೆ ಹೊರಕ್ಕೆ ವಾಲಿ, ಒಳಮೊನೆಗಳು ಕೆಳಗೆ ಇಳಿದು, ಕಚ್ಚಿದಾಗ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡದೇ ಹೋಗಬಹುದು. ವಯಸ್ಸನ್ನೂ ನೋಡಬೇಕು. ಹರೆಯ ದಾಟುತ್ತಿದ್ದಂತೆ ಕೂಡು ಬೆಸೆಯುತ್ತಾ ಹೋಗುತ್ತದೆ, ಆಮೇಲೆ ಮೂಳೆಗೆ ಸ್ಕ್ರೂ ಹಾಕುವ ಅಥವಾ ಶಸ್ತ್ರಚಿಕಿತ್ಸೆಯ ದಾರಿಯೇ ಉಳಿಯುತ್ತದೆ.

ಬಾಯಲ್ಲಿ ಉಸಿರಾಡುವ ಮಕ್ಕಳ ತಾಯಂದಿರು ನನ್ನನ್ನು ಕೇಳುವುದು ಒಂದೇ, ಇದರಿಂದ ಮೂಗು ಬಿಡುತ್ತದಾ ಎಂದು. ಹೈರಾಕ್ಸ್ ಮೂಗಿನ ತಳವನ್ನು ಸ್ವಲ್ಪ ಅಗಲ ಮಾಡುತ್ತದೆ ನಿಜ, ಆದರೆ ಮೂಗು ಬಿಡಿಸಲೆಂದೇ ಇದನ್ನು ಹಾಕುವುದಲ್ಲ. ಮಗನಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಗಂಟಿನ ತೊಂದರೆ ಇತ್ತು, ಅದನ್ನು ಮೊದಲು ಕಿವಿ-ಮೂಗು-ಗಂಟಲು ಡಾಕ್ಟ್ರಿಗೆ ತೋರಿಸಿ, ಅವರು ನೋಡಿದ ಮೇಲೆಯೇ ಹೈರಾಕ್ಸ್ ಹಾಕಿಸಿದೆವು. ಗೊರಕೆಗೋ ಹಾಸಿಗೆಯಲ್ಲಿ ಮೂತ್ರ ಮಾಡುವುದಕ್ಕೋ ಮದ್ದು ಎಂದು ಹೇಳಿ, ಕ್ರಾಸ್‌ಬೈಟೇ ಇಲ್ಲದ ಮಗುವಿಗೆ ಇದನ್ನು ಹಾಕಲು ಹೊರಟರೆ, ಅಚ್ಚು ತೆಗೆದು ಅಳತೆ ತೋರಿಸಿ ಎಂದು ಕೇಳಿ.